ಒಂದು ಕಣ ಹೊತ್ತು ತಂದ ಎರಡು ಉತ್ತರ

1996ರಲ್ಲಿ ಆಸ್ಟ್ರಿಯಾದ ಇನ್ಸ್‌ಬ್ರುಕ್ ನಗರದ ಪ್ರಯೋಗಶಾಲೆಯೊಂದರಲ್ಲಿ ಬೆಳಕಿನ ಕಣಗಳ ಮೇಲೆ ಮೂರು ಅಕ್ಷರಗಳ ಪುಟ್ಟ ಸಂದೇಶವೊಂದು ಸಾಗಿತು. ಇಂಗ್ಲಿಷಿನ ಕೆ, ಎಂ, ಅವುಗಳ ಜೊತೆಗೆ ಉಷ್ಣತೆ ಬರೆಯುವಾಗ ಹಾಕುವ ಡಿಗ್ರಿಯ ಸೊನ್ನೆ. ಕಂಪ್ಯೂಟರಿನ ವಾಡಿಕೆಯಲ್ಲಿ ಒಂದು ಅಕ್ಷರಕ್ಕೆ 8 ಬಿಟ್ ಬೇಕು, ಅಂದರೆ ಸೊನ್ನೆ ಅಥವಾ ಒಂದು ಎಂಬ ಎಂಟು ಗುರುತುಗಳು. ಮೂರು ಅಕ್ಷರಕ್ಕೆ 24 ಆಗಬೇಕಿತ್ತು. ಕ್ಲಾಸ್ ಮ್ಯಾಟ್ಲೆ, ಹರಾಲ್ಡ್ ವೈನ್‌ಫುರ್ಟರ್, ಪಾಲ್ ಕ್ವಿಯಟ್ ಮತ್ತು ಮುಂದೆ ನೊಬೆಲ್ ಪಡೆದ ಆಂಟನ್ ಸೈಲಿಂಗರ್ ಅದನ್ನು 15 ಗುರುತುಗಳಲ್ಲಿ ಮುಗಿಸಿದರು.

ಹೀಗೆ ಕಳಿಸುವ ವಿಧಾನಕ್ಕೆ ಸೂಪರ್‌ಡೆನ್ಸ್ ಕೋಡಿಂಗ್ ಎಂದು ಹೆಸರು. ಚಾರ್ಲ್ಸ್ ಬೆನೆಟ್ ಮತ್ತು ಸ್ಟೀಫನ್ ವೀಸ್ನರ್ 1992ರಲ್ಲಿ ಇದನ್ನು ಕಾಗದದ ಮೇಲೆ ಮಂಡಿಸಿದ್ದರು. ಒಂದು ಕ್ವಾಂಟಮ್ ಕಣವನ್ನು ಕಳಿಸಿ ಎರಡು ಬಿಟ್‌ಗಳ ಸುದ್ದಿ ಮುಟ್ಟಿಸಬಹುದು ಎಂಬುದು ಅದರ ಸಾರ. ಆದರೆ 1973ರಲ್ಲೇ ಸೋವಿಯತ್ ಗಣಿತಜ್ಞ ಅಲೆಕ್ಸಾಂಡರ್ ಹೊಲೆವೊ ಇದಕ್ಕೆ ಅಡ್ಡ ಬರುವಂತೆ ಕಾಣುವ ಮಾತೊಂದನ್ನು ಸಾಧಿಸಿ ತೋರಿಸಿದ್ದರು: ಒಂದು ಕ್ಯೂಬಿಟ್‌ನಿಂದ, ಅಂದರೆ ಎರಡು ಸ್ಥಿತಿಗಳ ಒಂದು ಕ್ವಾಂಟಮ್ ಕಣದಿಂದ, ಒಂದು ಬಿಟ್‌ಗಿಂತ ಹೆಚ್ಚಿನ ಸುದ್ದಿಯನ್ನು ಓದಿ ತೆಗೆಯಲಾಗದು. ಎರಡೂ ಮಾತು ಸರಿಯೇ. ಎರಡೂ ಹೇಗೆ ಸರಿ ಎಂದು ತಿಳಿದರೆ ಈ ವಿಧಾನ ಅರ್ಥವಾದಂತೆ.

ಮೊದಲು ಒಂದೇ ಒಂದು ಬೆಳಕಿನ ಕಣವನ್ನು, ಅಂದರೆ ಫೋಟಾನನ್ನು ನೋಡೋಣ. ಬೆಳಕು ಅಲೆಯಂತೆ ಅಲುಗುತ್ತದೆ. ಆ ಅಲುಗಾಟಕ್ಕೆ ಒಂದು ದಿಕ್ಕಿದೆ. ಅದನ್ನೇ ಧ್ರುವೀಕರಣ ಎನ್ನುತ್ತೇವೆ. ಫೋಟಾನಿಗೆ ನಾವು ಒಂದು ಪ್ರಶ್ನೆ ಕೇಳಬಹುದು: ನಿನ್ನ ಅಲುಗಾಟ ನೇರವೋ, ಅಡ್ಡವೋ? ಇನ್ನೊಂದು ಪ್ರಶ್ನೆಯನ್ನೂ ಕೇಳಬಹುದು: ಬಲಕ್ಕೆ ಓರೆಯೋ, ಎಡಕ್ಕೆ ಓರೆಯೋ? ಆದರೆ ಎರಡನ್ನೂ ಕೇಳಿ ಎರಡಕ್ಕೂ ನಂಬುವಂಥ ಉತ್ತರ ಪಡೆಯಲು ಆಗದು. ಒಂದನ್ನು ಕೇಳಿದ ಕೂಡಲೇ ಇನ್ನೊಂದರ ಉತ್ತರ ಅಳಿಸಿಹೋಗುತ್ತದೆ. ನೇರ ಎಂದು ಉತ್ತರ ಕೊಟ್ಟ ಫೋಟಾನಿಗೆ ಓರೆಯ ಪ್ರಶ್ನೆ ಹಾಕಿದರೆ ಬರುವುದು ನಾಣ್ಯ ಚಿಮ್ಮಿದಂಥ ಉತ್ತರ. ಒಂಟಿ ಕಣದಲ್ಲಿ ಒಂದೇ ಬಿಟ್ ಎಂಬ ಹೊಲೆವೊ ಮಿತಿ ಇಲ್ಲಿ ಕಣ್ಣಿಗೆ ಕಾಣುತ್ತದೆ.

ಈಗ ಎರಡು ಫೋಟಾನ್‌ಗಳ ಒಂದು ಜೋಡಿಯನ್ನು ತೆಗೆದುಕೊಳ್ಳೋಣ. ಇಲ್ಲಿ ಬೇರೆ ಬಗೆಯ ಪ್ರಶ್ನೆ ಕೇಳಬಹುದು. ನೀನು ನೇರವೋ ಅಡ್ಡವೋ ಎಂದು ಒಬ್ಬೊಬ್ಬರನ್ನೇ ವಿಚಾರಿಸದೆ, 'ನೇರ–ಅಡ್ಡದ ವಿಷಯದಲ್ಲಿ ನೀವಿಬ್ಬರೂ ಒಂದೇಯೋ, ಬೇರೆಯೋ?' ಎಂದು ಮಾತ್ರ ಕೇಳುವುದು. ಹಾಗೆಯೇ, 'ಓರೆಯ ವಿಷಯದಲ್ಲಿ ಒಂದೇಯೋ, ಬೇರೆಯೋ?' ಎಂದು ಕೇಳುವುದು. ಒಂಟಿ ಕಣದ ಎರಡು ಪ್ರಶ್ನೆಗಳು ಒಂದನ್ನೊಂದು ಕೆಡಿಸುತ್ತವೆ. ಜೋಡಿಗೆ ಹಾಕುವ ಈ ಎರಡು ಪ್ರಶ್ನೆಗಳು ಕೆಡಿಸುವುದಿಲ್ಲ. ಎರಡಕ್ಕೂ ಒಟ್ಟಿಗೆ ಖಚಿತ ಉತ್ತರವಿರುವ ಜೋಡಿಗಳು ನಿಜವಾಗಿಯೂ ಇವೆ. ಅವನ್ನೇ ಹೆಣೆದುಕೊಂಡ ಜೋಡಿಗಳು, ಎಂಟ್ಯಾಂಗಲ್ಡ್ ಜೋಡಿಗಳು ಎನ್ನುತ್ತಾರೆ. ಒಂದೇ–ಒಂದೇ, ಒಂದೇ–ಬೇರೆ, ಬೇರೆ–ಒಂದೇ, ಬೇರೆ–ಬೇರೆ ಎಂದು ಒಟ್ಟು ನಾಲ್ಕು ಬಗೆ. ಭೌತವಿಜ್ಞಾನಿಗಳು ಇವನ್ನು ಬೆಲ್ ಸ್ಥಿತಿಗಳು ಎಂದು ಕರೆಯುತ್ತಾರೆ. ನಾಲ್ಕರಲ್ಲಿ ಯಾವುದು ಎಂದು ತಿಳಿದರೆ ಎರಡು ಬಿಟ್ ತಿಳಿದಂತೆ.

ಇನ್ನು ಸಂದೇಶ ಕಳಿಸುವ ಬಗೆ. ಈ ಶಾಸ್ತ್ರದ ವಾಡಿಕೆಯಂತೆ ಕಳಿಸುವವಳು ಆಲಿಸ್, ಪಡೆಯುವವನು ಬಾಬ್ ಎನ್ನೋಣ. ಒಂದೇ–ಒಂದೇ ಬಗೆಯ ಜೋಡಿಯೊಂದನ್ನು ಮೊದಲೇ ತಯಾರಿಸಿ, ಒಂದು ಕಣವನ್ನು ಆಲಿಸ್‌ಗೆ, ಇನ್ನೊಂದನ್ನು ಬಾಬ್‌ಗೆ ಕೊಟ್ಟಿದೆ. ಏನು ಹೇಳಬೇಕೆಂದು ಆಲಿಸ್ ಆಗಿನ್ನೂ ನಿರ್ಧರಿಸಿಲ್ಲ. ಮೊದಲ ಪ್ರಶ್ನೆಯ ಉತ್ತರ ಮೊದಲ ಬಿಟ್, ಎರಡನೆಯದರ ಉತ್ತರ ಎರಡನೇ ಬಿಟ್. 'ಒಂದೇ' ಎಂದರೆ ಸೊನ್ನೆ, 'ಬೇರೆ' ಎಂದರೆ ಒಂದು. ಅವರಿಬ್ಬರ ಒಪ್ಪಂದ ಇಷ್ಟೇ.

ಆಲಿಸ್ 10 ಎಂದು ಹೇಳಬೇಕಿದೆ ಎಂದುಕೊಳ್ಳಿ. ಅವಳು ತನ್ನ ಫೋಟಾನನ್ನು ಒಂದು ತೆಳುವಾದ ಹರಳಿನ ಬಿಲ್ಲೆಯ ಮೂಲಕ ಹಾಯಿಸುತ್ತಾಳೆ. ಅದು ಅಲುಗಾಟದ ದಿಕ್ಕಿಗೆ ಕನ್ನಡಿ ಹಿಡಿದಂತೆ ಕೆಲಸ ಮಾಡುತ್ತದೆ. ಆ ಕನ್ನಡಿಯನ್ನು ಬಲ ಓರೆಯ ಗೆರೆಯ ಮೇಲೆ ನಿಲ್ಲಿಸಿದ್ದಾಳೆ. ಆಗ ನೇರ ಇದ್ದದ್ದು ಅಡ್ಡವಾಗುತ್ತದೆ, ಅಡ್ಡ ಇದ್ದದ್ದು ನೇರವಾಗುತ್ತದೆ. ಬಲ ಓರೆ ಮಾತ್ರ ಕನ್ನಡಿಯ ಗೆರೆಯ ಮೇಲೇ ಇರುವುದರಿಂದ ಹಾಗೆಯೇ ಉಳಿಯುತ್ತದೆ; ಎಡ ಓರೆಯೂ ತನ್ನ ಗೆರೆಯನ್ನು ಬಿಡುವುದಿಲ್ಲ. ಹೀಗೆ ಮೊದಲ ಪ್ರಶ್ನೆಯ ಉತ್ತರ 'ಬೇರೆ' ಆಯಿತು, ಎರಡನೆಯದು 'ಒಂದೇ' ಆಗಿಯೇ ಉಳಿಯಿತು. 01 ಹೇಳಬೇಕಿದ್ದರೆ ಕನ್ನಡಿಯನ್ನು ನೇರ ಗೆರೆಯ ಮೇಲೆ ನಿಲ್ಲಿಸುತ್ತಾಳೆ. ಆಗ ಓರೆಗಳು ಅದಲುಬದಲಾಗುತ್ತವೆ, ನೇರ–ಅಡ್ಡಕ್ಕೆ ಏನೂ ಆಗದು. 11 ಎನ್ನಲು ಎರಡನ್ನೂ ಒಂದಾದ ಮೇಲೊಂದರಂತೆ ಮಾಡುತ್ತಾಳೆ, ಅಂದರೆ ಅಲುಗಾಟವನ್ನೇ ಕಾಲು ಸುತ್ತು ತಿರುಗಿಸುತ್ತಾಳೆ. 00 ಎನ್ನಲು ಮುಟ್ಟುವುದೇ ಇಲ್ಲ. ಆಮೇಲೆ ಆ ಫೋಟಾನನ್ನು ಬಾಬ್‌ಗೆ ಕಳಿಸುತ್ತಾಳೆ.

ಆಲಿಸ್ ಮುಟ್ಟಿದ್ದು ತನ್ನ ಕೈಯಲ್ಲಿದ್ದ ಕಣವನ್ನು ಮಾತ್ರ. ಬದಲಾದದ್ದು ಎರಡು ಕಣಗಳ ನಡುವಿನ ಸಂಬಂಧ. ಅದಕ್ಕೇ ಬಾಬ್ ಓದುವಾಗಲೂ ಎರಡನ್ನೂ ಒಟ್ಟಿಗೆ ಓದಬೇಕು. ಅವನು ಅವಸರಪಟ್ಟು ಒಂದೊಂದನ್ನೇ 'ನೇರವೋ ಅಡ್ಡವೋ' ಎಂದು ಅಳೆದರೆ, ಎರಡು ಫಲಿತಾಂಶಗಳನ್ನು ಹೋಲಿಸಿ ಮೊದಲ ಬಿಟ್ ತಿಳಿಯಬಹುದು. ಎರಡನೆಯದು ಅಲ್ಲಿಗೇ ನಾಶವಾಗುತ್ತದೆ. ಕ್ವಾಂಟಮ್ ಕಂಪ್ಯೂಟರಿನಲ್ಲಿ ಇದಕ್ಕೆ ಎರಡು ಹೆಜ್ಜೆಯ ದಾರಿಯಿದೆ. ಸಿನಾಟ್ ಎಂಬ ಗೇಟ್ ಮೊದಲ ಪ್ರಶ್ನೆಯ 'ಒಂದೇ, ಬೇರೆ' ಎಂಬ ಉತ್ತರವನ್ನು ಒಂದು ಕ್ಯೂಬಿಟ್‌ನ ಮೇಲೆ ಬರೆದುಬಿಡುತ್ತದೆ. ಎರಡನೇ ಪ್ರಶ್ನೆಯ ಉತ್ತರ ಇನ್ನೊಂದು ಕ್ಯೂಬಿಟ್‌ನಲ್ಲಿ ಓರೆಯಾಗಿ ಉಳಿಯುತ್ತದೆ. ಹಡಮಾರ್ಡ್ ಗೇಟ್ ಆ ಓರೆಯನ್ನು ನೇರಕ್ಕೆ ತಿರುಗಿಸುತ್ತದೆ. ಈಗ ಎರಡು ಉತ್ತರಗಳು ಎರಡು ಬೇರೆ ಕಣಗಳಲ್ಲಿ ಕುಳಿತಿವೆ. ಒಂದನ್ನು ಓದಿದರೆ ಇನ್ನೊಂದು ಕೆಡದು.

ಇನ್ಸ್‌ಬ್ರುಕ್‌ನವರ ಕಷ್ಟ ಇದ್ದದ್ದು ಇಲ್ಲೇ. ಬೆಳಕಿನ ಕಣಗಳು ಒಂದನ್ನೊಂದು ಲೆಕ್ಕಿಸದೆ ಹಾದುಹೋಗುತ್ತವೆ, ಆದ್ದರಿಂದ ಅವುಗಳ ನಡುವೆ ಸಿನಾಟ್ ಗೇಟ್ ಮಾಡುವುದು ಸುಲಭವಲ್ಲ. ಅವರು ಎರಡು ಫೋಟಾನ್‌ಗಳನ್ನೂ ಒಂದು ಅರೆಪಾರಕ ಕನ್ನಡಿಯ ಬಳಿ ಒಂದೇ ಕ್ಷಣಕ್ಕೆ ಸೇರುವಂತೆ ಮಾಡಿದರು. ಒಂದರ ದಾರಿ ಕೊಂಚ ಉದ್ದವಾದರೂ ಲೆಕ್ಕ ತಪ್ಪುತ್ತದೆ. ಸರಿಯಾಗಿ ಸೇರಿದಾಗ ಬೇರೆ–ಬೇರೆ ಜೋಡಿ ಮಾತ್ರ ಕನ್ನಡಿಯ ಎರಡು ಬದಿಗೆ ಒಡೆದು ಹೋಗುತ್ತದೆ. ಉಳಿದ ಮೂರೂ ಬಗೆಯ ಜೋಡಿಗಳು ಒಂದೇ ಬದಿಗೆ ಒಟ್ಟಿಗೆ ಹೊರಬರುತ್ತವೆ. ಆ ಬದಿಯಲ್ಲಿ ನೇರ ಮತ್ತು ಅಡ್ಡವನ್ನು ಬೇರ್ಪಡಿಸುವ ಹರಳಿಟ್ಟರೆ ಬೇರೆ–ಒಂದೇ ಜೋಡಿಯೂ ಗೊತ್ತಾಗುತ್ತದೆ, ಏಕೆಂದರೆ ಅದರ ಒಂದು ಕಣ ನೇರ, ಇನ್ನೊಂದು ಅಡ್ಡ. ಉಳಿದ ಎರಡು ಬಗೆಗಳಲ್ಲಿ ಎರಡೂ ಕಣಗಳು ಒಂದೇ ಕಡೆಗೆ ಬಂದು ಬೀಳುತ್ತವೆ. ಅವುಗಳಲ್ಲಿ ಯಾವುದು ಯಾವುದೆಂದು ಈ ಏರ್ಪಾಟು ಹೇಳಲಾರದು.

ಹಾಗಾಗಿ ನಾಲ್ಕರ ಬದಲು ಮೂರು ಗುರುತುಗಳು ಸಿಕ್ಕವು. ಅವನ್ನು 0, 1, 2 ಎಂದು ಕರೆದು ಮೂರರ ಲೆಕ್ಕದಲ್ಲಿ ಸಂಖ್ಯೆ ಬರೆಯಬಹುದು. ಕೆ ಅಕ್ಷರದ ಕಂಪ್ಯೂಟರ್ ಸಂಖ್ಯೆ 75. ಹತ್ತರ ಲೆಕ್ಕದಲ್ಲಿ ಬಿಡಿ, ಹತ್ತು, ನೂರು ಎನ್ನುವಂತೆ ಇಲ್ಲಿ ಸ್ಥಾನಗಳು ಬಲದಿಂದ 1, 3, 9, 27, 81. ಎರಡು 27, ಎರಡು 9, ಒಂದು 3 ಸೇರಿದರೆ 75, ಅಂದರೆ 02210. ಐದು ಸ್ಥಾನಗಳಲ್ಲಿ 243 ಬೇರೆ ಬೇರೆ ಸಂಖ್ಯೆಗಳು ಹಿಡಿಸುವುದರಿಂದ ಮೂರು ಅಕ್ಷರಗಳಿಗೆ 15 ಗುರುತುಗಳೇ ಸಾಕಾದವು. ಮೂರು ಗುರುತುಗಳನ್ನು ತಪ್ಪಿಲ್ಲದೆ ಗುರುತಿಸಿದರೆ ಪ್ರತಿ ಫೋಟಾನಿಗೆ 1.58 ಬಿಟ್ ದಕ್ಕಬೇಕು. ಜೋಡಣೆಯ ಲೋಪಗಳಲ್ಲಿ ಸೋರಿ ಅವರಿಗೆ ದಕ್ಕಿದ್ದು 1.13. ಆದರೂ ಅದು ಒಂದನ್ನು ದಾಟಿತ್ತು. ಹೆಣಿಗೆಯಿಲ್ಲದ ಒಂಟಿ ಕಣ ಎಂದೂ ದಾಟಲಾರದ ಗೆರೆ ಅದು. ಕನ್ನಡಿ, ಹರಳುಗಳಷ್ಟನ್ನೇ ಬಳಸುವ ಏರ್ಪಾಟಿನ 1.58ರ ಮಿತಿಯನ್ನೂ ಮುಂದೆ ಬೇರೆ ಉಪಾಯಗಳಿಂದ ದಾಟಿದರು. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದವರು 2017ರಲ್ಲಿ ಆಪ್ಟಿಕಲ್ ಫೈಬರ್ ಮೇಲೆ 1.665 ಬಿಟ್ ಮುಟ್ಟಿದ್ದಾಗಿ ಪ್ರಕಟಿಸಿದರು.

ಹೆಣಿಗೆ ಕೆಟ್ಟಿದೆ ಎಂದು ಬಾಬ್‌ಗೆ ಹೇಗೆ ಗೊತ್ತಾಗಬೇಕು? ಅವರಿಬ್ಬರಿಗೂ ಮೊದಲೇ ಗೊತ್ತಿರುವ ಕೆಲವು ಸಂದೇಶಗಳನ್ನು ಕಳಿಸಿ ನೋಡಿದರೆ ಸಾಕು. ಹೆಣಿಗೆ ಸಡಿಲವಾಗುವಾಗ ಸಾಮಾನ್ಯವಾಗಿ ಮೊದಲು ಹೋಗುವುದು ಒಂದು ಪ್ರಶ್ನೆಯ ಉತ್ತರ. ಮೊದಲ ಬಿಟ್ ಸರಿಯಾಗಿ ಬರುತ್ತಲೇ ಇರುತ್ತದೆ, ಎರಡನೆಯದು ಅರ್ಧ ಸಲ ಸರಿ, ಅರ್ಧ ಸಲ ತಪ್ಪು. ಆಗ ಕೈಯಲ್ಲಿರುವುದು ಸಾಧಾರಣ ಜೋಡಿ. ದಕ್ಕುವುದು ಒಂದೇ ಬಿಟ್.

ದಾರಿಯಲ್ಲಿ ಯಾರಾದರೂ ಆಲಿಸ್‌ಳ ಫೋಟಾನನ್ನು ಹಿಡಿದುಕೊಂಡರೆ? ಅವರಿಗೆ ಏನೂ ಸಿಗದು. ಸಂದೇಶ 00 ಆಗಲಿ 11 ಆಗಲಿ, ಆ ಒಂಟಿ ಕಣ ಯಾವ ಪ್ರಶ್ನೆಗೂ ಅರ್ಧಕ್ಕರ್ಧ ಉತ್ತರವನ್ನೇ ಕೊಡುತ್ತದೆ. ಕಳ್ಳ ಸಂದೇಶವನ್ನು ಕೆಡಿಸಬಲ್ಲ, ಓದಲಾರ. ಇದೇ ಕಾರಣಕ್ಕೆ ಬಾಬ್ ಕೂಡ ಆಲಿಸ್‌ಳ ಕಣ ಬರುವವರೆಗೆ ಕಾಯಬೇಕು. ಅವಳು ಅಲ್ಲಿ ಏನೇ ಮಾಡಿದರೂ ಅವನ ಕೈಯಲ್ಲಿರುವ ಕಣ ಅದನ್ನು ತೋರಿಸುವುದಿಲ್ಲ. ಆದ್ದರಿಂದ ಈ ವಿಧಾನದಿಂದ ಬೆಳಕಿಗಿಂತ ಬೇಗ ಸುದ್ದಿ ಹೋಗುವ ಮಾತೇ ಇಲ್ಲ.

ಈಗ ಹೊಲೆವೊ ಲೆಕ್ಕಕ್ಕೆ ಮರಳಬಹುದು. ಬಾಬ್ ಕೊನೆಗೆ ಓದಿದ್ದು ಎರಡು ಕ್ಯೂಬಿಟ್, ಪಡೆದದ್ದು ಎರಡು ಬಿಟ್. ಲೆಕ್ಕ ಸರಿಹೋಯಿತು. ವಿಶೇಷವಿರುವುದು ಸಮಯದಲ್ಲಿ: ಎರಡರಲ್ಲಿ ಒಂದು ಕಣ ಮುಂಗಡವಾಗಿ, ಸಂದೇಶ ಹುಟ್ಟುವ ಮೊದಲೇ ಬಾಬ್‌ನನ್ನು ತಲುಪಿತ್ತು. ತಂತಿ ಬಿಡುವಾಗಿರುವ ಹೊತ್ತಿನಲ್ಲಿ ಜೋಡಿಗಳನ್ನು ಹಂಚಿಟ್ಟುಕೊಂಡರೆ ಅವಸರದ ಹೊತ್ತಿನಲ್ಲಿ ಪ್ರತಿ ಕಣ ಇಮ್ಮಡಿ ಹೊರುತ್ತದೆ. ಆದರೆ ಆ ಮುಂಗಡವನ್ನು ಕೆಡದಂತೆ ಕಾದಿಡಬೇಕು, ಬೆಳಕಿನ ಕಣವನ್ನು ಕಾದಿಡುವುದು ಇಂದಿಗೂ ಬಲು ಕಷ್ಟ. ಪ್ರತಿ ಸಂದೇಶಕ್ಕೂ ಹೊಸ ಜೋಡಿಯೇ ಬೇಕು, ಏಕೆಂದರೆ ಓದಿದ ಜೋಡಿಯ ಹೆಣಿಗೆ ಓದಿನಲ್ಲೇ ಮುಗಿಯುತ್ತದೆ. ಮುಂಗಡ ಎಷ್ಟಿದೆಯೋ ಇಮ್ಮಡಿಯೂ ಅಷ್ಟೇ.