ನಿಜ ಹೇಳಿದರೂ ಮಾನಹಾನಿಯೇ?

2018ರ ಅಕ್ಟೋಬರ್ 8ರಂದು ಪತ್ರಕರ್ತೆ ಪ್ರಿಯಾ ರಮಣಿ ಒಂದು ಟ್ವೀಟ್ ಹಾಕಿದರು. ಹಿಂದಿನ ವರ್ಷ ವೋಗ್ ಪತ್ರಿಕೆಯಲ್ಲಿ ಅವರು ಒಬ್ಬ ಸಂಪಾದಕರ ಅನುಚಿತ ವರ್ತನೆಯ ಬಗ್ಗೆ ಹೆಸರೆತ್ತದೆ ಬರೆದಿದ್ದರು. ಆ ಸಂಪಾದಕ ಎಂ.ಜೆ. ಅಕ್ಬರ್ ಎಂದು ಈಗ ಬಹಿರಂಗವಾಗಿ ಹೇಳಿದರು. ಅಕ್ಬರ್ ಆಗ ಕೇಂದ್ರ ಸಚಿವರು. ವಾರ ತುಂಬುವಷ್ಟರಲ್ಲಿ ದೆಹಲಿಯ ನ್ಯಾಯಾಲಯದಲ್ಲಿ ಕ್ರಿಮಿನಲ್ ಮಾನಹಾನಿ ದೂರು ದಾಖಲಾಯಿತು. ಮುಂದಿನ ಎರಡೇ ದಿನಗಳಲ್ಲಿ ಅವರು ಸಚಿವ ಸ್ಥಾನವನ್ನೂ ಬಿಟ್ಟರು.

ಟ್ವೀಟ್ ತಮ್ಮದಲ್ಲ ಎಂದು ರಮಣಿ ಜಾರಿಕೊಳ್ಳಲಿಲ್ಲ. ಬರೆದದ್ದು ನಿಜ, ಜನಹಿತಕ್ಕಾಗಿ ಬರೆದದ್ದು ಎಂದೇ ವಾದಿಸಿದರು.

ಈ ಎರಡನೆಯ ಮಾತು ಇಲ್ಲಿ ಮುಖ್ಯ. ಪರಿಹಾರ ಕೇಳುವ ಸಿವಿಲ್ ದಾವೆಯಲ್ಲಿ ಹೇಳಿದ್ದು ನಿಜವೆಂದು ಸಾಬೀತಾದರೆ ಸಾಕು. ಕ್ರಿಮಿನಲ್ ಪ್ರಕರಣದಲ್ಲಿ ಅಷ್ಟೇ ಸಾಲದು. ಅದನ್ನು ಹೇಳುವುದು ಸಾರ್ವಜನಿಕ ಹಿತಕ್ಕೆ ಬೇಕಿತ್ತು ಎಂದೂ ತೋರಿಸಬೇಕು. ಹೊಸ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲೂ ಈ ನಿಯಮ ಹಾಗೆಯೇ ಉಳಿದಿದೆ. ಪಕ್ಕದ ಮನೆಯವರ ಹಳೆಯ ಸಂಸಾರದ ಗುಟ್ಟು ಎಷ್ಟೇ ನಿಜವಿರಲಿ, ಅದನ್ನು ಗುಂಪಿಗೆ ಹಾಕಿದವರು ಯಾವ ಜನಹಿತ ತೋರಿಸಿಯಾರು?

ಸಾಬೀತು ಮಾಡುವ ಹೊಣೆಯೂ ಹೇಳಿದವರದೇ. ರಮಣಿ ತಾವೇ ಸಾಕ್ಷಿ ನುಡಿದರು. ಘಟನೆಯನ್ನು ಆಗಲೇ ಕೇಳಿಸಿಕೊಂಡಿದ್ದ ಗೆಳತಿ ಬಂದು ಹೇಳಿದರು. ಅಕ್ಬರ್ ವಿರುದ್ಧ ಇಂಥದೇ ಆರೋಪ ಮಾಡಿದ್ದ ಇನ್ನೊಬ್ಬ ಪತ್ರಕರ್ತೆಯೂ ಕಟಕಟೆ ಹತ್ತಿದರು. 2021ರ ಫೆಬ್ರವರಿ 17ರಂದು ನ್ಯಾಯಾಲಯ ರಮಣಿಯನ್ನು ಖುಲಾಸೆ ಮಾಡಿತು. ದಶಕಗಳ ನಂತರವಾದರೂ ಹೆಣ್ಣುಮಗಳು ತನ್ನ ನೋವನ್ನು ತಾನು ಆರಿಸಿಕೊಂಡ ವೇದಿಕೆಯಲ್ಲಿ ಹೇಳಿಕೊಳ್ಳಬಹುದು ಎಂದಿತು. ಇದರ ವಿರುದ್ಧ ಅಕ್ಬರ್ ಸಲ್ಲಿಸಿದ ಮೇಲ್ಮನವಿಯನ್ನು ದೆಹಲಿ ಹೈಕೋರ್ಟ್ 2022ರಲ್ಲಿ ವಿಚಾರಣೆಗೆ ಅಂಗೀಕರಿಸಿತು.

ನ್ಯಾಯಯುತ ಟೀಕೆಯ ದಾರಿ ಬೇರೆ. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು, "ಎರಡು ವರ್ಷದಿಂದ ಆಡಿಟ್ ಆಗಿಲ್ಲ, ಇದು ಬೇಜವಾಬ್ದಾರಿ ಆಡಳಿತ" ಎಂದು ಬರೆಯುತ್ತಾರೆ ಅಂದುಕೊಳ್ಳಿ. ಆಡಿಟ್ ಆಗದಿದ್ದುದು ನಿಜವಾಗಿದ್ದರೆ ಉಳಿದದ್ದು ಅಭಿಪ್ರಾಯ. ಖಾರವಾಗಿದ್ದರೂ ದುರುದ್ದೇಶವಿಲ್ಲದಿದ್ದರೆ ರಕ್ಷಣೆ ಉಂಟು. ಇನ್ನೊಬ್ಬರು, "ಅಧ್ಯಕ್ಷರು ಮೂರು ಲಕ್ಷ ನುಂಗಿದ್ದಾರೆ" ಎನ್ನುತ್ತಾರೆ. ಇದು ಟೀಕೆಯಲ್ಲ, ಕಳ್ಳತನದ ಆರೋಪ. ಕೊನೆಗೆ "ನನ್ನ ಅಭಿಪ್ರಾಯ ಅಷ್ಟೇ" ಎಂದು ಸೇರಿಸಿದರೂ ದಾಖಲೆ ತೋರಿಸುವ ಭಾರ ಇಳಿಯದು.

"ನಾನು ಬರೀ ಫಾರ್ವರ್ಡ್ ಮಾಡಿದೆ" ಎಂಬ ಸಮಾಧಾನವೂ ನಿಲ್ಲುವುದು ಕಷ್ಟ. ಮಾನಹಾನಿಕರ ಪೋಸ್ಟನ್ನು ಮರುಹಂಚುವುದೂ ಪ್ರಕಟಿಸಿದಂತೆಯೇ ಎಂದು 2024ರ ಫೆಬ್ರವರಿಯಲ್ಲಿ ದೆಹಲಿ ಹೈಕೋರ್ಟ್ ಹೇಳಿದೆ.

ಮಾನ ಹೋಯಿತೆಂದು ಠಾಣೆಗೆ ಓಡಿದರೆ ಪೊಲೀಸರು ನೇರವಾಗಿ ಎಫ್‌ಐಆರ್ ಹಾಕುವಂತಿಲ್ಲ. ನೊಂದವರು ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಕೊಡಬೇಕು. ಬರಹದ ಮಾನಹಾನಿಗೆ ಸಿವಿಲ್ ದಾವೆ ಹೂಡುವುದಾದರೆ, ಪ್ರಕಟವಾದ ದಿನದಿಂದ ಇರುವ ಅವಧಿ ಒಂದೇ ವರ್ಷ.