ಪೂರಿ ಉಬ್ಬಲು ಎಣ್ಣೆಯ ಕಾವು ಎಷ್ಟಿರಬೇಕು?

ಲಿಂಗಸುಗೂರು ಸೀಮೆಯ ಮನೆಗಳಲ್ಲಿ ನಿತ್ಯದ ಊಟಕ್ಕೆ ಜೋಳದ ರೊಟ್ಟಿಯೇ ಮೊದಲು. ಹಬ್ಬ ಹುಣ್ಣಿಮೆಗಳಲ್ಲಿಯೂ ಬೀಗರು ಬಂದಾಗಲೂ ಪೂರಿಯ ಕಡಾಯಿ ಒಲೆಗೇರುವುದು. ರೊಟ್ಟಿಯನ್ನು ಹಂಚಿನ ಮೇಲೆ ಚೆನ್ನಾಗಿ ಉಬ್ಬಿಸಬಲ್ಲ ಕೈಗಳಿಗೂ ಪೂರಿಯು ಕೆಲವು ಸಲ ವಶವಾಗದು. ಒಂದು ಚಪ್ಪಟೆಯಾಗಿ ಎಣ್ಣೆ ಕುಡಿದು ಬರುವುದು; ಇನ್ನೊಂದು ಕೆಂಪಗೆ ಬಂದರೂ ತಟ್ಟೆಗೆ ಬೀಳುವಷ್ಟರಲ್ಲಿ ಮೆತ್ತಗಾಗುವುದು. ಹೀಗಾದಾಗ ಹಿಟ್ಟನ್ನು ದೂರುವುದಕ್ಕೆ ಮುಂಚೆ ಎಣ್ಣೆಯ ಕಾವನ್ನು ವಿಚಾರಿಸುವುದು ಲೇಸು.

ರೊಟ್ಟಿಯನ್ನೂ ಪೂರಿಯನ್ನೂ ಉಬ್ಬಿಸುವುದು ಒಂದೇ ವಸ್ತು. ಅದು ಕಣಕದೊಳಗಿನ ನೀರಿನ ಉಗಿ. ಪೂರಿಯು ಕಾದ ಎಣ್ಣೆಗೆ ಬಿದ್ದೊಡನೆ ಅದರ ಮೈ ಬಿಗಿದು ತೆಳುವಾದ ಚರ್ಮವಾಗುತ್ತದೆ. ಒಳಗಿನ ನೀರು ಉಗಿಯಾಗಿ, ಹೊರಗೆ ಹೋಗಲು ದಾರಿ ಕಾಣದೆ, ಎರಡು ಪದರಗಳನ್ನು ಬೇರ್ಪಡಿಸಿ ಮೇಲೆತ್ತುತ್ತದೆ. ಎಣ್ಣೆಯ ಕಾವು ಕಡಿಮೆಯಾದರೆ ಉಗಿಯು ಮೆಲ್ಲಮೆಲ್ಲನೆ ಹುಟ್ಟಿ ಸೋರಿಹೋಗುವುದರಿಂದ ಪೂರಿ ಉಬ್ಬದು. ಬೇಯಲು ಬಹಳ ಹೊತ್ತು ಎಣ್ಣೆಯಲ್ಲಿಯೇ ಉಳಿದು ಜಿಡ್ಡಾಗುವುದು. ಕಾವು ಮಿತಿಮೀರಿದರೆ ಹೊರಮೈ ಬೇಗನೆ ಕೆಂಪಾಗುತ್ತದೆ, ಒಳಗಿನ ಹಸಿ ಆರಿರುವುದಿಲ್ಲ. ಆ ತೇವವೇ ಬಳಿಕ ಹೊರಪದರಕ್ಕೆ ಹರಿದು ಪೂರಿಯನ್ನು ಮೆತ್ತಗೆ ಮಾಡುವುದು. ಈ ಎರಡರ ನಡುವಣ ಹದವೆಂದರೆ ಸುಮಾರು 180ರಿಂದ 190 ಡಿಗ್ರಿ ಸೆಂಟಿಗ್ರೇಡು.

ಎಣ್ಣೆಯಿಂದ ಹೊಗೆ ಬಂದರೆ ಕಾದಿತೆಂದು ತಿಳಿಯುವ ರೂಢಿಯುಂಟು. ಇದು ನಂಬತಕ್ಕ ಗುರುತಲ್ಲ. ಶುದ್ಧೀಕರಿಸಿದ ಶೇಂಗಾ ಎಣ್ಣೆಯು ಹೊಗೆಯಾಡುವುದು ಸುಮಾರು 230 ಡಿಗ್ರಿಯಲ್ಲಿ. ಅಷ್ಟರಲ್ಲಿ ಪೂರಿಯ ಹದ ಮೀರಿಹೋಗಿರುತ್ತದೆ. ಗಾಣದ ಕುಸುಬೆ ಎಣ್ಣೆಯಾದರೋ ಪೂರಿಗೆ ತಕ್ಕ ಕಾವನ್ನು ಮುಟ್ಟುವ ಮೊದಲೇ ಹೊಗೆಯಾಡತೊಡಗುವುದು. ಆದುದರಿಂದ ಗಾಣದ ಕುಸುಬೆ ಎಣ್ಣೆಯನ್ನು ಚಟ್ನಿಪುಡಿಗೂ ರೊಟ್ಟಿಗೂ ಇಟ್ಟುಕೊಂಡು, ಕರಿಯುವುದಕ್ಕೆ ಶುದ್ಧೀಕರಿಸಿದ ಎಣ್ಣೆಯನ್ನು ಬಳಸುವುದು ಒಳ್ಳೆಯದು.

ಉಷ್ಣಮಾಪಕವಿಲ್ಲದ ಮನೆಯಲ್ಲಿ ಕಣಕವೇ ಮಾಪಕ. ಕಡಲೆ ಕಾಳಿನಷ್ಟು ಕಣಕವನ್ನು ಎಣ್ಣೆಗೆ ಬಿಡಿರಿ. ಅದು ತಳದಲ್ಲಿಯೇ ಕುಳಿತರೆ ಇನ್ನೂ ಕಾಯಬೇಕು. ಬಿದ್ದೊಡನೆ ಮೇಲೆದ್ದು ಅಲ್ಲಿಯೇ ಕಂದಿದರೆ ಉರಿಯನ್ನು ತಗ್ಗಿಸಿ ಸ್ವಲ್ಪ ಹೊತ್ತು ಬಿಡಬೇಕು. ಮುಳುಗಿದ್ದು ಒಂದೆರಡು ಎಣಿಸುವಷ್ಟರಲ್ಲಿ ಬಣ್ಣಗೆಡದೆ ತೇಲಿ, ಸುತ್ತಲೂ ಗುಳ್ಳೆಗಳನ್ನೆಬ್ಬಿಸಿದರೆ ಕಾವು ಹದವಾಗಿದೆಯೆಂದು ತಿಳಿಯಬೇಕು.

ಆದರೆ ಒಮ್ಮೆ ಕಂಡ ಹದ ತಾನಾಗಿ ಉಳಿಯದು. ಒಂದು ಲೆಕ್ಕವನ್ನು ನೋಡೋಣ. ಕಾಲು ಕಿಲೋ ಗೋಧಿಹಿಟ್ಟಿಗೆ ಎರಡು ಚಮಚ ಚಿರೋಟಿ ರವೆ, ಒಂದು ಚಮಚ ಎಣ್ಣೆ, ಉಪ್ಪು ಸೇರಿಸಿ, ಸುಮಾರು 120 ಮಿಲಿಲೀಟರು ನೀರಿನಲ್ಲಿ ಗಟ್ಟಿಯಾಗಿ ನಾದಿದರೆ ಹದಿನಾರು ಪೂರಿಗಳಾಗುವುವು. ಒಂದೊಂದು ಅಂಗೈಯಗಲ, ಸುಮಾರು 24 ಗ್ರಾಂ ತೂಕ. ಮುಕ್ಕಾಲು ಲೀಟರು ಎಣ್ಣೆಗೆ ಇಂತಹ ಒಂದು ಪೂರಿ ಬಿದ್ದರೆ, ಅದನ್ನು ಬೇಯಿಸಿ ಅದರ ನೀರನ್ನು ಉಗಿಮಾಡುವುದಕ್ಕೆ ವ್ಯಯವಾಗುವ ಶಾಖದಿಂದ ಎಣ್ಣೆಯು 9 ಡಿಗ್ರಿಯಷ್ಟು ತಣಿಯಬಲ್ಲುದು. ಅಷ್ಟನ್ನು ಒಲೆಯ ಉರಿ ಕೂಡಲೆ ತುಂಬಿಕೊಡುವುದು. ಮೂರನ್ನು ಒಟ್ಟಿಗೆ ಹಾಕಿದರೆ 25 ಡಿಗ್ರಿಗೂ ಮಿಕ್ಕಿ ಇಳಿಯುವ ಸಂಭವವುಂಟು; ಆಗ 185ರಲ್ಲಿದ್ದ ಎಣ್ಣೆ 160ರ ಆಸುಪಾಸಿಗೆ ಬಂದು ಮೂರೂ ಕೆಡುವುವು. ಇದಕ್ಕೆ ವಿರುದ್ಧವಾಗಿ, ಲಟ್ಟಿಸುವಾಗ ಕಡಾಯಿ ಬರಿದೇ ಉರಿಯ ಮೇಲಿದ್ದರೆ ಎಣ್ಣೆ ಅತಿಯಾಗಿ ಕಾಯುವುದು. ಆದಕಾರಣ ಒಂದೊಂದಾಗಿಯೇ ಕರಿಯಬೇಕು. ಪೂರಿಯಿದ್ದಾಗ ಉರಿ ಹೆಚ್ಚು, ಇಲ್ಲದಾಗ ಉರಿ ಕಡಿಮೆ ಇರಬೇಕು.

ಈ ನಾಡಿನ ಬೇಸಗೆಯಲ್ಲಿ ಲಟ್ಟಿಸಿಟ್ಟ ಪೂರಿಯ ಮೈ ಬಹು ಬೇಗ ಒಣಗಿ ಬಿರಿಯುವುದು; ಆ ಬಿರುಕಿನಿಂದ ಉಗಿ ಹೊರಬೀಳುವುದರಿಂದ, ಕಾವು ಸರಿಯಾಗಿದ್ದರೂ ಪೂರಿ ಉಬ್ಬದು. ಐದಾರಕ್ಕಿಂತ ಹೆಚ್ಚು ಲಟ್ಟಿಸಿಡದೆ, ಅವುಗಳಿಗೆ ಹಿಂಡಿದ ಒದ್ದೆ ಬಟ್ಟೆಯನ್ನು ಮುಚ್ಚಬೇಕು. ಮಣೆಗೆ ಒಣ ಹಿಟ್ಟನ್ನು ಉದುರಿಸಬಾರದು, ಎಣ್ಣೆ ಸವರಬೇಕು. ಉದುರಿದ ಹಿಟ್ಟು ಕಡಾಯಿಯಲ್ಲಿ ಸೀದು ಎಣ್ಣೆಯನ್ನು ಕಪ್ಪಾಗಿಸುವುದು.

ಪೂರಿಯು ತೇಲಿ ಬಂದೊಡನೆ ತೂತಿನ ಸೌಟಿನಿಂದ ಮೆಲ್ಲನೆ ಒತ್ತಿದರೆ ಅದು ದುಂಡಗೆ ಏಳುವುದು. ಇಪ್ಪತ್ತು ಎಣಿಸುವಷ್ಟು ಹೊತ್ತು ಒಂದು ಮಗ್ಗುಲು, ಅದಕ್ಕಿಂತ ತುಸು ಕಡಿಮೆ ಇನ್ನೊಂದು ಮಗ್ಗುಲು ಸಾಕು. ತೆಗೆದ ಬಳಿಕವೂ ಒಂದು ಎಚ್ಚರ ಬೇಕು. ಪೂರಿ ಆರುತ್ತ ಬಂದಂತೆ ಒಳಗಿನ ಉಗಿ ನೀರಾಗಿ ಕುಗ್ಗಿ, ಮೈಮೇಲಿನ ಎಣ್ಣೆಯನ್ನು ಒಳಕ್ಕೆ ಸೆಳೆಯುತ್ತದೆ. ಆದ್ದರಿಂದ ಕಡಾಯಿಯ ಮೇಲೆಯೇ ಸೌಟನ್ನು ಓರೆಯಾಗಿ ಹಿಡಿದು ಎಣ್ಣೆಯನ್ನು ಬಸಿಯಬೇಕು. ಅನಂತರ ಪೂರಿಗಳನ್ನು ಒಂದರ ಮೇಲೊಂದು ಪೇರಿಸದೆ, ಜರಡಿಯಲ್ಲಿ ಅಂಚಿನ ಮೇಲೆ ನಿಲ್ಲಿಸಬೇಕು, ಮುಚ್ಚಬಾರದು. ಇಷ್ಟು ಮಾಡಿದರೂ ಒಳಗೆ ಉಳಿದ ತೇವವು ಹೊತ್ತು ಕಳೆದಂತೆ ಪೂರಿಯನ್ನು ಮೆದುಮಾಡದಿರದು. ಹೀಗಾಗಿ ಎಲೆ ಹಾಕಿದ ಮೇಲೆಯೇ ಕಡಾಯಿಯನ್ನು ಒಲೆಗಿಡುವುದು ಜಾಣತನ.