ಸಾಲ ತೀರಿದ ಕಾರು, ತೀರದ ದಾಖಲೆ

ಹಳೆ ಕಾರು ಮಾರುವವರು ಸಾಮಾನ್ಯವಾಗಿ ಹೇಳುವ ಮಾತೊಂದಿದೆ: “ಲೋನ್ ಎಲ್ಲಾ ಮುಗಿದಿದೆ ಸಾರ್, ಎಚ್‌ಪಿ ಒಂದು ಕ್ಯಾನ್ಸಲ್ ಮಾಡಿಸಬೇಕು ಅಷ್ಟೇ.” ಎಷ್ಟೋ ಸಲ ಇದು ನಿಜವೇ. ಆದರೆ ಆರ್‌ಟಿಒ ದಾಖಲೆಯಲ್ಲಿ ಬ್ಯಾಂಕಿನ ಹೆಸರು ಇರುವವರೆಗೂ, ಬ್ಯಾಂಕ್ ಒಪ್ಪಿಗೆ ಕೊಡದೆ ಆ ಕಾರು ನಿಮ್ಮ ಹೆಸರಿಗೆ ಆಗುವುದಿಲ್ಲ. ಮೋಟಾರು ವಾಹನ ಕಾಯ್ದೆಯ 51ನೇ ಕಲಮಿನಲ್ಲೇ ಈ ನಿಯಮವಿದೆ.

ಆದ್ದರಿಂದ ಕಾರು ಓಡಿಸಿ ನೋಡುವ ಮೊದಲೇ ಅದರ ನಂಬರನ್ನು ಎಂ-ಪರಿವಾಹನ್ ಆ್ಯಪ್‌ನಲ್ಲಿ ಅಥವಾ vahan.parivahan.gov.in ತಾಣದಲ್ಲಿ ಹಾಕಿ ನೋಡಿ. ಮಾಲೀಕರ ಹೆಸರಿನ ಕೆಲವು ಅಕ್ಷರಗಳು ಮರೆಯಾಗಿದ್ದರೂ ಸಾಲ ಕೊಟ್ಟವರು ಯಾರು, ವಿಮೆ ಎಲ್ಲಿಯವರೆಗಿದೆ, ವಾಹನ ಕಪ್ಪುಪಟ್ಟಿಯಲ್ಲಿ ಇದೆಯೇ ಎಂಬುದು ತಿಳಿಯುತ್ತದೆ. ಮಾರುವವರ ಕೈಯಲ್ಲಿರುವ ಆರ್‌ಸಿ ಕಾರ್ಡಿಗೂ ಇಲ್ಲಿ ಕಾಣುವುದಕ್ಕೂ ವ್ಯತ್ಯಾಸವಿದ್ದರೆ ಅಲ್ಲೇ ನಿಲ್ಲಿ. ಕಾರ್ಡಿನಲ್ಲಿರುವ ಚಾಸಿ ನಂಬರನ್ನು ಕಾರಿನ ಮೇಲೆ ಕೊರೆದಿರುವ ನಂಬರಿನ ಜೊತೆ ಅಕ್ಷರಕ್ಕೆ ಅಕ್ಷರ ತಾಳೆ ನೋಡಿ.

ಆರ್‌ಸಿಯಲ್ಲಿರುವ ಹೆಸರು ಎದುರಿಗೆ ಕೂತವರದೇ ಆಗಿರಬೇಕು. “ಓನರ್ ಬೇರೆಯವರು, ಫಾರಂಗೆ ಸೈನ್ ಮಾಡಿ ಕೊಟ್ಟಿದ್ದಾರೆ” ಎಂದರೆ, ಅವರು ಕೊಂಡು ತಮ್ಮ ಹೆಸರಿಗೆ ಮಾಡಿಸಿಕೊಳ್ಳದ ಕಾರನ್ನೇ ನಿಮಗೆ ಮಾರುತ್ತಿದ್ದಾರೆ ಎಂದರ್ಥ. ಅಂಥ ವ್ಯವಹಾರ ಬೇಡವೆಂದೇ ನಾನು ಹೇಳುತ್ತೇನೆ. ಅಸಲಿ ಮಾಲೀಕರು ನಾಳೆ ಸಹಿಯನ್ನು ಅಲ್ಲಗಳೆದರೆ ನಿಮ್ಮ ಪರವಾಗಿ ಗಟ್ಟಿ ಕಾಗದ ಯಾವುದೂ ಇರುವುದಿಲ್ಲ.

ಸಾಲ ಇನ್ನೂ ಬಾಕಿ ಇರುವ ಕಾರನ್ನೂ ಕೊಳ್ಳಬಹುದು, ಹಣ ಯಾವ ದಾರಿಯಲ್ಲಿ ಹೋಗಬೇಕೆಂಬುದು ಗೊತ್ತಿದ್ದರೆ. ಒಂದು ಉದಾಹರಣೆ ತೆಗೆದುಕೊಳ್ಳೋಣ. ಮೈಸೂರಿನ ಒಂದು ಕಾರಿಗೆ 4,20,000 ರೂಪಾಯಿಗೆ ಮಾತಾಗಿದೆ, ಅದರ ಮೇಲೆ 1,30,000 ಸಾಲ ಉಳಿದಿದೆ. 10,000 ಮುಂಗಡ ಕೊಟ್ಟು ರಸೀದಿ ಬರೆಸಿಕೊಳ್ಳಿ. ಮಾರುವವರ ಜೊತೆ ನೀವೇ ಬ್ಯಾಂಕಿನ ಶಾಖೆಗೆ ಹೋಗಿ ಫೋರ್‌ಕ್ಲೋಷರ್ ಲೆಟರ್ ಕೇಳಿ. ವಾಟ್ಸ್ಆ್ಯಪ್‌ನಲ್ಲಿ ಬಂದ ಪ್ರತಿ ಸಾಲದು. ಬಡ್ಡಿ ದಿನದಿನಕ್ಕೂ ಏರುವುದರಿಂದ, ಪತ್ರದಲ್ಲಿರುವ ಮೊತ್ತ ಯಾವ ದಿನಾಂಕದವರೆಗೆ ಎಂಬುದನ್ನೂ ನೋಡಿ. ಆ 1,30,000 ಮಾರುವವರ ಖಾತೆಗೆ ಬೇಡ, ನೇರ ಸಾಲದ ಖಾತೆಗೇ ಹೋಗಲಿ.

ಶಾಖೆಯಲ್ಲಿ ಇನ್ನೊಂದು ಪ್ರಶ್ನೆ ಕೇಳಲೇಬೇಕು: ಈ ಗ್ರಾಹಕರಿಗೆ ಇದೇ ಬ್ಯಾಂಕಿನಲ್ಲಿ ಬೇರೆ ಸಾಲ ಅಥವಾ ಕ್ರೆಡಿಟ್ ಕಾರ್ಡ್ ಬಾಕಿ ಇದೆಯೇ? ಕಾರಿನ ಸಾಲ ಪೂರ್ತಿ ತೀರಿದ ಮೇಲೂ, ಇನ್ನೊಂದು ಬಾಕಿಯ ನೆಪದಲ್ಲಿ ಎನ್‌ಒಸಿ ತಡೆದಿಡುವ ಬ್ಯಾಂಕುಗಳಿವೆ. ಮಾರುವವರು ಎದುರಿಗಿದ್ದಾಗಲೇ ಇದನ್ನು ಕೇಳಿ. ಗ್ರಾಹಕರ ಒಪ್ಪಿಗೆ ಇಲ್ಲದೆ ಬ್ಯಾಂಕಿನವರು ನಿಮಗೆ ಏನೂ ಹೇಳುವುದಿಲ್ಲ.

ಸಾಲ ಮುಗಿದ ಮೇಲೆ ಬ್ಯಾಂಕ್ ಎನ್‌ಒಸಿ ಜೊತೆಗೆ ಫಾರಂ 35 ಕೊಡುತ್ತದೆ. ಎಚ್‌ಪಿ ತೆಗೆಸುವುದು ಈ ಫಾರಂನಿಂದ. ಎನ್‌ಒಸಿಗೆ ಸಾಮಾನ್ಯವಾಗಿ ಮೂರು ತಿಂಗಳ ಅವಧಿ ಇರುತ್ತದೆ. ವರ್ಷಗಳ ಹಿಂದೆ ಸಾಲ ತೀರಿಸಿ ಎನ್‌ಒಸಿಯನ್ನು ಬೀರುವಿನಲ್ಲಿಟ್ಟವರು ಮತ್ತೆ ಬ್ಯಾಂಕಿಗೆ ಹೋಗಿ ಹೊಸದು ತರಬೇಕು. ಆ ಓಡಾಟ ಮಾರುವವರದೇ ಇರಲಿ. ಕಾಗದ ಕೈಗೆ ಬಂದು, ಮಾರಾಟದ ಫಾರಂ 29 ಮತ್ತು 30ಕ್ಕೆ ಮಾಲೀಕರ ಸಹಿ ಬಿದ್ದ ಮೇಲೆ 2,60,000 ಕೊಡಿ. ಉಳಿದ 20,000 ಆರ್‌ಸಿ ನಿಮ್ಮ ಹೆಸರಿಗೆ ಬರುವವರೆಗೆ ನಿಮ್ಮಲ್ಲೇ ಇರಲಿ ಎಂದು ಕರಾರಿನಲ್ಲಿ ಬರೆಸಿ.

ದಂಡದ ಬಾಕಿ ವಾಹನದ ನಂಬರಿಗೆ ಅಂಟಿರುತ್ತದೆ. echallan.parivahan.gov.in ಒಂದನ್ನೇ ನೋಡಿದರೆ ಸಾಲದು. ಬೆಂಗಳೂರಿನಲ್ಲಿ ಓಡಾಡಿದ ಕಾರಾದರೆ ಬೆಂಗಳೂರು ಸಂಚಾರ ಪೊಲೀಸರ ತಾಣದಲ್ಲಿ ಅಥವಾ ಬೆಂಗಳೂರು ಒನ್ ಕೇಂದ್ರದಲ್ಲೂ ವಿಚಾರಿಸಿ. ನ್ಯಾಯಾಲಯಕ್ಕೆ ಹೋದ ಪ್ರಕರಣಗಳನ್ನು vcourts.gov.in ನಲ್ಲಿ ಹುಡುಕಿ. ನಮ್ಮ ಉದಾಹರಣೆಯ ಕಾರಿಗೆ 4,000 ದಂಡ ಕಂಡರೆ ಅದನ್ನು ನೀವೇ ಕಟ್ಟಿ, 2,60,000ದಲ್ಲಿ ಮುರಿದುಕೊಂಡು 2,56,000 ಕೊಡಿ. ಕ್ಯಾಮೆರಾ ಹಿಡಿದ ಕೇಸು ದಾಖಲೆಗೆ ಬರಲು ಕೆಲವು ದಿನ ಹಿಡಿಯಬಹುದು. ಅದಕ್ಕೇ ಕೀ ಕೈಗೆ ಬಂದ ದಿನಾಂಕವನ್ನೂ ಗಂಟೆಯನ್ನೂ ಡೆಲಿವರಿ ನೋಟ್‌ನಲ್ಲಿ ಬರೆದು ಇಬ್ಬರೂ ಸಹಿ ಹಾಕಬೇಕು. ತಡವಾಗಿ ಕಾಣಿಸಿಕೊಂಡ ಹಳೇ ದಂಡವನ್ನು ಹಿಡಿದಿಟ್ಟ 20,000ದಲ್ಲಿ ಕಳೆಯಬಹುದು.

ಒಂದೇ ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು. ಇದರಲ್ಲಿ ಮಾರಿದವರ ಹಿತವೂ ಇದೆ: ಅಪಘಾತದ ಪರಿಹಾರದ ಹೊಣೆ ದಾಖಲೆಯಲ್ಲಿರುವ ಮಾಲೀಕರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ವಿಮೆಯನ್ನು ಹೆಸರಿಗೆ ಮಾಡಿಸಿಕೊಳ್ಳಲು ಕೊಂಡವರು 14 ದಿನದೊಳಗೆ ಅರ್ಜಿ ಹಾಕಬೇಕು. ಮೂರನೆಯವರಿಗೆ ಆದ ಹಾನಿಯ ರಕ್ಷಣೆ ಕಾರಿನ ಜೊತೆಗೇ ಬರುತ್ತದೆ. ಪಾಲಿಸಿ ಹಳೆ ಮಾಲೀಕರ ಹೆಸರಿನಲ್ಲೇ ಉಳಿದಿದ್ದರೆ, ನಿಮ್ಮ ಕಾರೇ ನಜ್ಜುಗುಜ್ಜಾದಾಗ ಅದರ ರಿಪೇರಿ ಖರ್ಚು ಕೊಡಲು ವಿಮಾ ಕಂಪನಿ ನಿರಾಕರಿಸಬಹುದು.